ಅರವತ್ತೊಂದು ಟೊಳ್ಳು ಟೈಲುಗಳು

ಪೀಣ್ಯದ ಕಡೆ ಹೊಲಗಳೆಲ್ಲ ಕೈಗಾರಿಕೆಗೆ ಹೋದ ಮೇಲೆ ನಮ್ಮೂರ ಗಂಡಸರಿಗೆ ಹೇಗೋ ಒಂದೊಂದು ಕೆಲಸ ಸಿಕ್ಕಿತು. ಒಬ್ಬ ವಾಚ್‌ಮನ್ ಆದ, ಒಬ್ಬ ಲೇತ್ ಹಿಡಿದ, ಇನ್ನೊಬ್ಬ ಗೇಟಿನ ಮುಂದೆ ಟೀ ಅಂಗಡಿ ಇಟ್ಟ. ಹೆಂಗಸರಿಗೆ ಮಾತ್ರ ಕಳೆ ಕೀಳಲು ಹೊಲವಿಲ್ಲ, ಒಕ್ಕಣೆ ಮಾಡಲು ಕಣವಿಲ್ಲ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಮನೆಗೆಲಸ ಮುಗಿಸಿ ಜಗುಲಿ ಮೇಲೆ ಕೂತರೆ ಮಧ್ಯಾಹ್ನದವರೆಗೂ ಕೂತೇ ಇರಬೇಕು. ನನಗೆ ಹಾಗೆ ಕೂರಲು ಬರುವುದಿಲ್ಲ. ಇಪ್ಪತ್ತಾರನೇ ವಯಸ್ಸಿನಲ್ಲಿ, ಎರಡನೇ ಮಗು ಸ್ಕೂಲಿಗೆ ಸೇರಿದ ವಾರವೇ, ನಾನು ಗಾರೆ ಕೆಲಸಕ್ಕೆ ಹೋದೆ.

ನಮ್ಮತ್ತೆ ಮೂರು ದಿನ ಮಾತು ಬಿಟ್ಟರು. ಗಂಡ ಮಾತ್ರ, "ಎಸ್ಸೆಸ್ಸೆಲ್ಸಿ ಓದಿ ಬಾಂಡ್ಲಿ ಹೊರ್ತೀಯಾ?" ಅಂತ ಒಂದೇ ಸಲ ಕೇಳಿದರು. "ಬಾಂಡ್ಲಿ ಹೊರೋಕೇನು ಸರ್ಟಿಫಿಕೇಟ್ ಅಡ್ಡ ಬರತ್ತಾ?" ಅಂದೆ. ಅವರು ನಕ್ಕುಬಿಟ್ಟರು. ಅವರದು ಪೀಣ್ಯ ಎರಡನೇ ಹಂತದ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಕಬ್ಬಿಣ ಕತ್ತರಿಸುವ ಕೆಲಸ.

ನನ್ನನ್ನು ಸೇರಿಸಿಕೊಂಡ ಮೇಸ್ತ್ರಿಗೆ ಆಗಲೇ ಅರವತ್ತರ ಹತ್ತಿರ. ಹೊಸೂರು ಕಡೆಯವರು, ಬೆಂಗಳೂರಿಗೆ ಬಂದು ಮೂವತ್ತು ವರ್ಷವಾಗಿದ್ದರೂ ಕನ್ನಡದಲ್ಲಿ ತಮಿಳಿನ ಎಳೆತ ಉಳಿದಿತ್ತು. ಗೋಡೆ ಕಟ್ಟುವವರಲ್ಲ, ನೆಲ ಮಾತ್ರ. ಮೊಸಾಯಿಕ್ ಟೈಲ್ಸು ಹಾಕುವುದರಲ್ಲಿ ಜಾಲಹಳ್ಳಿಯಿಂದ ಪೀಣ್ಯದವರೆಗೆ ಅವರ ಹೆಸರು ಹೇಳಿದರೆ ಕಂಟ್ರಾಕ್ಟರುಗಳು ಎದ್ದು ಕೂರುತ್ತಿದ್ದರು. ಕೆಲಸದ ಮಧ್ಯೆ ಮಾತು ಕಡಿಮೆ. ಏನಾದರೂ ಕೇಳಿದರೆ ಒಂದು ಕ್ಷಣ ನಮ್ಮ ಮುಖವನ್ನೇ ನೋಡಿ ಆಮೇಲೆ ಉತ್ತರ ಕೊಡುತ್ತಿದ್ದರು. ಅದು ದೊಡ್ಡವರ ಗತ್ತು ಅಂದುಕೊಂಡಿದ್ದೆ.

ಕೆಲಸ ಇದ್ದದ್ದು ಒಂದು ಹೊಸ ಶೆಡ್ಡಿನಲ್ಲಿ. ಜಾಲಹಳ್ಳಿಯ ದೊಡ್ಡ ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷ ದುಡಿದು, ಕೆಲಸ ಬಿಟ್ಟು ಬಂದ ಎಂಜಿನಿಯರೊಬ್ಬರು ಅದನ್ನು ಕಟ್ಟಿಸುತ್ತಿದ್ದರು. ಅಳತೆ ಮಾಡುವ ಗೇಜುಗಳನ್ನು ತಯಾರಿಸುವ ಘಟಕ. ಗೇಜು ಜೋಡಿಸುವ ಹಾಲಿನಲ್ಲಿ ಧೂಳು ಏಳಬಾರದು, ಅದಕ್ಕೇ ಬರೀ ಸಿಮೆಂಟು ನೆಲ ಬೇಡ, ಮೊಸಾಯಿಕ್ ಬೇಕು ಅಂತ ಅವರ ಹಟ. ಉದ್ದಕ್ಕೆ ನಲವತ್ತೆಂಟು ಟೈಲು, ಅಗಲಕ್ಕೆ ಇಪ್ಪತ್ತನಾಲ್ಕು, ಒಂದೊಂದೂ ಹತ್ತಿಂಚು ಚೌಕ. ಹಾಲಿನ ಒಂದು ತುದಿಯಲ್ಲಿ ಬಿಡಿಭಾಗ ತೊಳೆಯುವ ಮೂಲೆ. ಮಿಕ್ಕ ಕಡೆಯೆಲ್ಲ ಕಬ್ಬಿಣದ ಚಕ್ರದ ತಳ್ಳುಗಾಡಿ ಓಡಾಡುತ್ತದೆ.

ಮೊದಲ ದಿನ ಮೇಸ್ತ್ರಿ ನನ್ನ ಕೈಗೆ ಬಾಂಡ್ಲಿ ಕೊಡಲಿಲ್ಲ. ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯ ಒಂದು ತುದಿ ಕೊಟ್ಟರು.

"ಹೋಗಿ ಆ ಗೋಡೆ ಹತ್ರ ನಿಂತ್ಕೋಮ್ಮಾ. ನೀರು ಎಲ್ಲಿ ನಿಲ್ತದೋ ಅಲ್ಲಿ ಗೀಟು ಹಾಕು. ಅಲ್ಲಾಡಬೇಡ."

ಬಾಗಿಲ ಪಕ್ಕದ ಗೋಡೆಗೆ ಹೊಸ್ತಿಲಿನಿಂದ ಮೂರಡಿ ಎತ್ತರಕ್ಕೆ ಅವರು ಒಂದು ಗುರುತು ಮಾಡಿದ್ದರು. ಅವರ ತುದಿಯ ನೀರು ಆ ಗುರುತಿಗೆ ಸರಿಯಾಗಿ ನಿಂತರೆ ನನ್ನ ತುದಿಯ ನೀರೂ ಅದೇ ಎತ್ತರದಲ್ಲಿ ನಿಲ್ಲುತ್ತದೆ. ಹಾಲು ಎಷ್ಟೇ ಉದ್ದವಿರಲಿ, ನೀರು ಮೋಸ ಮಾಡುವುದಿಲ್ಲ. ಹೀಗೆ ನಾಲ್ಕೂ ಗೋಡೆಗೆ ಗುರುತು ಹಾಕಿ, ಆ ಗುರುತಿನಿಂದ ಕೆಳಕ್ಕೆ ಅಳೆದರೆ ನೆಲ ಎಲ್ಲಿ ಬರಬೇಕು ಅನ್ನುವುದು ಗೊತ್ತಾಗುತ್ತದೆ.

ಮೂರನೇ ಗೋಡೆಗೆ ಹೋದಾಗ ಗೀಟು ಹಾಕಲು ನನಗೆ ಮನಸ್ಸಾಗಲಿಲ್ಲ. ನೀರು ಹಿಂದಿನ ಗುರುತುಗಳ ಸಾಲಿಗಿಂತ ಅರ್ಧ ಬೆರಳು ಮೇಲಿದೆ ಅಂತ ಕಣ್ಣಿಗೆ ಅನ್ನಿಸುತ್ತಿತ್ತು. ಕೊಳವೆಯನ್ನು ಉದ್ದಕ್ಕೂ ನೋಡುತ್ತ ಬಂದೆ. ಮಧ್ಯದಲ್ಲಿ, ಇಟ್ಟಿಗೆ ರಾಶಿಯ ಮೇಲೆ ಹಾದು ಬರುವ ಕಡೆ, ಒಂದು ಗಾಳಿಗುಳ್ಳೆ ಉದ್ದಿನಕಾಳಿನಷ್ಟಲ್ಲ, ಹುರುಳಿಕಾಯಿಯಷ್ಟು ಉದ್ದಕ್ಕೆ ಸಿಕ್ಕಿಕೊಂಡಿತ್ತು.

"ಮೇಸ್ತ್ರಿ, ಒಳಗೆ ಗಾಳಿ ಐತೆ," ಅಂದೆ.

ಅವರು ಬಂದು ನೋಡಿದರು. ಕೊಳವೆಯನ್ನು ಎತ್ತಿ ಕೊಡವಿ ಗುಳ್ಳೆಯನ್ನು ತುದಿಗೆ ಓಡಿಸಿದರು. ನೀರು ಅರ್ಧ ಬೆರಳು ಕೆಳಗಿಳಿದು ನಿಂತಿತು. ಹೊಗಳಲಿಲ್ಲ. ಮಾರನೇ ದಿನದಿಂದ ಮಟ್ಟ ನೋಡುವಾಗಲೆಲ್ಲ ಇನ್ನೊಂದು ತುದಿ ನನ್ನ ಕೈಗೇ ಬರತೊಡಗಿತು. ನನಗೆ ಅಷ್ಟು ಸಾಕಿತ್ತು.

ನಾನು ಗಾರೆ ಕಲಸುತ್ತಿದ್ದೆ, ಟೈಲ್ಸು ನೆನೆಸುತ್ತಿದ್ದೆ, ತಂದು ಕೊಡುತ್ತಿದ್ದೆ. ಈ ಮೂರೂ ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ನೀರು ಹದಕ್ಕೆ ಬೇಕಾದಷ್ಟೇ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಸೋರಬಾರದು. ಒಂದು ಗಂಟೆಯೊಳಗೆ ಮುಗಿಯುವಷ್ಟು ಮಾತ್ರ ಕಲಸಬೇಕು, ಬಿರುಸಾದ ಗಾರೆಗೆ ಮತ್ತೆ ನೀರು ಹಾಕಿ ಕಲಸಿದರೆ ಮೇಸ್ತ್ರಿ ಸಲಿಕೆ ಸಮೇತ ಹೊರಗೆ ಕಳಿಸುತ್ತಿದ್ದರು. ಟೈಲ್ಸನ್ನು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೂ ಬಿಡಬೇಕು. ಆಮೇಲೆ ತೆಗೆದು ಒರಗಿಸಿ ಮೇಲಿನ ನೀರು ಇಳಿಯಲು ಬಿಡಬೇಕು.

ಮೇಸ್ತ್ರಿ ಮೊದಲು ಕೆಳಗಿನ ಕಾಂಕ್ರೀಟನ್ನು ಗುಡಿಸಿ, ತೊಳೆದು, ಅದರ ಮೇಲೆ ಸಿಮೆಂಟು ಹಾಲು, ಅಂದರೆ ನೀರಲ್ಲಿ ತೆಳ್ಳಗೆ ಕದಡಿದ ಸಿಮೆಂಟು, ಬಳಿದು, ಗಾರೆ ಹರಡುತ್ತಿದ್ದರು. ಟೈಲಿನ ಬೆನ್ನಿಗೂ ಸಿಮೆಂಟು ಹಾಲು ಸವರಿ ಗಾರೆಯ ಮೇಲಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಎರಡೂ ಕಡೆ ಕಟ್ಟಿದ ದಾರಕ್ಕೆ ಕೂರಿಸುತ್ತಿದ್ದರು. ಟೈಲು ತಗ್ಗಾಗಿ ಕೂತರೆ ಮೂಲೆಯಲ್ಲಿ ಗಾರೆ ತುರುಕಿ ಎತ್ತುವ ಹಾಗಿಲ್ಲ, ಪೂರ್ತಿ ಎತ್ತಿ, ಗಾರೆ ಸೇರಿಸಿ, ಮತ್ತೆ ಕೂರಿಸಬೇಕು.

ಎರಡು ಟೈಲಿನ ನಡುವೆ ಬಿಡುವ ಸಂದಿಗೆ ಅವರು ಒಂದು ತಗಡಿನ ಚೂರು ಇಟ್ಟುಕೊಂಡಿದ್ದರು, ಅದು ಬಾಗಿ ಬಾಗಿ ಹೋಗುತ್ತಿತ್ತು. ನಾನು ಗಂಡನಿಗೆ ಹೇಳಿ, ಅವರ ಶಾಪಿನಲ್ಲಿ ಮುರಿದು ಬಿಸಾಡಿದ ಪವರ್ ಹ್ಯಾಕ್ಸಾ ಬ್ಲೇಡುಗಳ ಹಲ್ಲು ಉಜ್ಜಿಸಿ, ಎಂಟು ತುಂಡು ತಂದು ಕೊಟ್ಟೆ. ಒಂದೂವರೆ ಮಿಲಿಮೀಟರ್ ದಪ್ಪ, ಎಂಟೂ ಒಂದೇ ಸಮ.

ಎಂಜಿನಿಯರ್ ಸಾಹೇಬರು ಅದನ್ನು ನೋಡಿ, "ಸಂದಿ ಯಾಕೆ ಬಿಡ್ಬೇಕು? ಒಂದಕ್ಕೊಂದು ಒತ್ತಿ ಕೂರಿಸಿದ್ರೆ ಇನ್ನೂ ಚೆನ್ನಾಗಿರಲ್ವಾ?" ಅಂತ ಕೇಳಿದರು. ತಪ್ಪು ಹುಡುಕುವ ಪ್ರಶ್ನೆಯಲ್ಲ ಅದು, ತಿಳಿದುಕೊಳ್ಳುವ ಪ್ರಶ್ನೆ.

ಮೇಸ್ತ್ರಿ ಹೇಳಿದರು: "ಸಾರ್, ಅಚ್ಚಿನಿಂದ ಬಂದ ಟೈಲ್ಸು ಎಲ್ಲ ಒಂದೇ ಅಳತೆ ಇರಲ್ಲ. ಒಂದು ಕೂದಲು ದೊಡ್ಡದು, ಒಂದು ಕೂದಲು ಚಿಕ್ಕದು. ಒತ್ತಿದ್ರೆ ಹತ್ತನೇ ಟೈಲಿಗೆ ದಾರ ತಪ್ಪತದೆ. ಸಂದಿ ಇದ್ರೆ ಆ ಕೂದಲು ಅಲ್ಲೇ ಮುಚ್ಚಿಹೋಗತದೆ. ಮತ್ತೆ ಸಿಮೆಂಟು ಒಳಗೆ ಇಳಿಯೋಕೂ ಜಾಗ ಬೇಕಲ್ವಾ?"

"ಜಾಸ್ತಿ ಬಿಟ್ರೆ?"

"ಪಾಲಿಶ್ ಮಿಷನ್ ಓಡೋವಾಗ ಅಂಚು ಕಿತ್ಕೊಂಡು ಬರತದೆ ಸಾರ್."

ಸಾಹೇಬರು ತಲೆಯಾಡಿಸಿ, ಜೇಬಿನಿಂದ ತಮ್ಮದೊಂದು ಅಳತೆಯ ತಗಡು ತೆಗೆದು ಹತ್ತಾರು ಸಂದಿಗಳಿಗೆ ತೂರಿಸಿ ನೋಡಿ, ಖುಷಿಯಾಗಿ ಹೋದರು.

ಹಾಲಿನ ಮುಕ್ಕಾಲು ಭಾಗ ಮುಗಿದಿದ್ದಾಗ ಅತ್ತಿಬೆಲೆಯಲ್ಲಿದ್ದ ಮೇಸ್ತ್ರಿಯ ಮಗಳಿಗೆ ಹೆರಿಗೆಯಾಯಿತು. ಅವರು ಎರಡು ದಿನ ಹೋಗಿ ಬರುತ್ತೇನೆ ಅಂತ ಹೊರಟರು. ಅವರ ಕೈಕೆಳಗೆ ಇನ್ನೊಬ್ಬ ಗಾರೆಯವನಿದ್ದ, ನನಗಿಂತ ಒಂದೆರಡು ವರ್ಷ ಚಿಕ್ಕವನು, ಎಲ್ಲರೂ ಅವನನ್ನು ಚಿಕ್ಕಮೇಸ್ತ್ರಿ ಅನ್ನುತ್ತಿದ್ದೆವು. ಕೈ ಬಹಳ ಚುರುಕು. ದಾರಕ್ಕೆ ಟೈಲು ಕೂರಿಸುವುದರಲ್ಲಿ ಅವನಿಗೆ ಹೆಸರಿಡುವ ಹಾಗಿರಲಿಲ್ಲ. ಆದರೆ ಮೇಸ್ತ್ರಿ ಬರುವುದರೊಳಗೆ ಹಾಲಿನ ನೆಲ ಮುಗಿಸಿ ತೋರಿಸಬೇಕು ಅನ್ನುವ ಹುಮ್ಮಸ್ಸು ಅವನ ತಲೆಗೇರಿತ್ತು.

ಅದೇ ದಿನ ನೀರಿನ ಟ್ಯಾಂಕರು ಬರಲಿಲ್ಲ. ಡ್ರಮ್ಮಿನಲ್ಲಿ ಗೇಣುದ್ದ ನೀರು ಉಳಿದಿತ್ತು. ತಳದಲ್ಲಿದ್ದ ಟೈಲ್ಸು ನೆನೆದಿದ್ದವು, ಮೇಲಿನವು ಒಣಗಿ ಬಿಸಿಲಿಗೆ ಕಾದು ಕೂತಿದ್ದವು.

"ಅಕ್ಕ, ಕೊಡೀ ಅಕ್ಕ, ಕೈ ಖಾಲಿ ಐತೆ," ಅಂತ ಕೂಗಿದ.

"ಇವು ನೆಂದಿಲ್ಲ ಕಣಪ್ಪ."

"ಮೇಲೆ ಒಂಚೂರು ನೀರು ಚುಮುಕ್ಸಿ ಕೊಡಿ. ಸಿಮೆಂಟು ಹಾಲು ಹಾಕ್ತೀನಲ್ಲ, ಹಿಡ್ಕೊಂಡ್ಬಿಡತ್ತೆ."

ಒಂದು ಸಲ ಹೇಳಿದೆ, ಎರಡನೇ ಸಲ ಹೇಳಲಿಲ್ಲ. ಅವನು ಮೇಸ್ತ್ರಿ, ನಾನು ಆಳು. ಚೊಂಬಿನಲ್ಲಿ ನೀರು ಚುಮುಕಿಸಿ ಕೊಟ್ಟೆ. ಟೈಲಿನ ಬೆನ್ನು ಆ ನೀರನ್ನು ಸರ್ರನೆ ಕುಡಿದು ಮತ್ತೆ ಬೆಳ್ಳಗಾಗುವುದನ್ನು ನೋಡುತ್ತಲೇ ಕೊಟ್ಟೆ. ಮಾರನೇ ದಿನ ಟ್ಯಾಂಕರು ಬಂತು. ಅಷ್ಟರೊಳಗೆ ಅವನು ಕಿಟಕಿ ಸಾಲಿನ ಪಕ್ಕ ದೊಡ್ಡದೊಂದು ಪಟ್ಟಿಯನ್ನೇ ಮುಗಿಸಿದ್ದ.

ಮೇಸ್ತ್ರಿ ಬಂದು ಮಟ್ಟಗೋಲು ಇಟ್ಟು ನೋಡಿದರು. ಮಟ್ಟ ಸರಿ. ದಾರ ಹಿಡಿದು ನೋಡಿದರು. ಸಂದಿಗಳು ಗೀಟು ಎಳೆದ ಹಾಗೆ. ಮೊಮ್ಮಗ ಹುಟ್ಟಿದ ಸಂತೋಷದಲ್ಲಿದ್ದರು, ಚಿಕ್ಕಮೇಸ್ತ್ರಿಯ ಬೆನ್ನು ತಟ್ಟಿದರು. ಉಳಿದ ಭಾಗವನ್ನೂ ಮುಗಿಸಿ, ಸಂದಿಗೆ ಬಣ್ಣದ ಸಿಮೆಂಟು ತುಂಬಿ, ನೆಲಕ್ಕೆ ಏಳು ದಿನ ನೀರು ಕಟ್ಟಿದೆವು. ಆಮೇಲೆ ಉಳಿದದ್ದು ತಟ್ಟಿ ನೋಡುವುದು, ಅದಾದ ಮೇಲೆ ಪಾಲಿಶ್ ಮಿಷನ್.

ತಟ್ಟಿ ನೋಡುವುದು ಅಂದರೆ ಗಾರೆ ಹರಡುವ ಕರಣೆಯ ಹಿಡಿಯಿಂದ ಪ್ರತಿಯೊಂದು ಟೈಲಿನ ನಾಲ್ಕು ಮೂಲೆ ಮತ್ತು ನಡುಭಾಗಕ್ಕೆ ಬಡಿದು ಕೇಳುವುದು. ಕೆಳಗೆ ಗಾರೆ ಪೂರ್ತಿ ಹಿಡಿದಿದ್ದರೆ ಶಬ್ದ ಗಟ್ಟಿಯಾಗಿ, ಚಿಕ್ಕದಾಗಿ ನಿಲ್ಲುತ್ತದೆ. ಹಿಡಿಯದಿದ್ದರೆ ಮಡಕೆಯ ಮೇಲೆ ಬಡಿದ ಹಾಗೆ ಒಳಗಿನಿಂದ ಬರುತ್ತದೆ. ಮೇಸ್ತ್ರಿ ಮೊಣಕಾಲೂರಿ ತಟ್ಟುತ್ತ ಸಾಗಿದರು, ನಾನು ಹಿಂದೆ ಪೊರಕೆಯಿಂದ ನಿಂತ ನೀರು ತಳ್ಳುತ್ತ ಬರುತ್ತಿದ್ದೆ. ಕಿಟಕಿ ಸಾಲಿಗೆ ಬಂದಾಗ ನನ್ನ ಕೈ ನಿಂತುಹೋಯಿತು. ಟೊಳ್ಳು. ಪಕ್ಕದ್ದು ಗಟ್ಟಿ. ಮತ್ತೆ ಟೊಳ್ಳು, ಮತ್ತೆ ಟೊಳ್ಳು. ಯಾರಿಗಾದರೂ ಕೇಳುವಷ್ಟು ಸ್ಪಷ್ಟವಾಗಿತ್ತು. ಮೇಸ್ತ್ರಿ ಮಾತ್ರ ತಟ್ಟುತ್ತ, ತಲೆಯಾಡಿಸುತ್ತ, ಮುಂದೆ ಮುಂದೆ ಹೋಗುತ್ತಿದ್ದರು.

ಆಗ ನನಗೆ ಅರ್ಥವಾಯಿತು. ಅವರು ಉತ್ತರ ಕೊಡುವ ಮುಂಚೆ ಮುಖ ನೋಡುತ್ತಿದ್ದದ್ದು ಗತ್ತಿನಿಂದಲ್ಲ. ಎಷ್ಟೋ ವರ್ಷ ಪಾಲಿಶ್ ಮಿಷನ್ನಿನ ಪಕ್ಕ ನಿಂತು ನಿಂತು ಅವರ ಕಿವಿ ಮಂದವಾಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಟೈಲಿಗೆ ತುಟಿಯಿಲ್ಲ.

ಮೊದಲು ಚಿಕ್ಕಮೇಸ್ತ್ರಿಗೆ ಹೇಳಿದೆ. ಅವನ ಮುಖ ಸಣ್ಣಗಾಯಿತು, ಆದರೆ ಬಗ್ಗಲಿಲ್ಲ.

"ನಾಳಿದ್ದು ಮಿಷನ್ ಬರ್ತೈತೆ ಅಕ್ಕ. ಪಾಲಿಶ್ ಆದ್ರೆ ಯಾರಿಗೂ ಗೊತ್ತಾಗಲ್ಲ. ದೊಡ್ಡೋರೇ ಸರಿ ಅಂದ್ಮೇಲೆ ನಿಮ್ಗ್ಯಾಕೆ?"

"ಮ್ಯಾಲೆ ಗಾಡಿ ಓಡಾಡತ್ತೆ ಕಣಪ್ಪ. ಕೆಳಗೆ ಖಾಲಿ ಇರೋ ಟೈಲು ಎಷ್ಟು ದಿನ ತಡೀತದೆ? ಒಡೆದ ಮೇಲೆ ಬೇರೇದು ಹಾಕಿದ್ರೆ ಪಾಲಿಶ್ ಆಗಿರೋ ನೆಲದ ಮಧ್ಯೆ ತೇಪೆ ಹಾಕಿದಂಗೆ ಕಾಣತ್ತೆ. ಮಾಡೋದಾದ್ರೆ ಈಗಲೇ."

ಅವನು ಬೀಡಿ ಹಚ್ಚಿಕೊಂಡು ಆಚೆ ಹೋದ. ನಾನು ಮೇಸ್ತ್ರಿಯ ಹತ್ತಿರ ಹೋದೆ. ಅವರು ಒಬ್ಬರೇ ಸಿಮೆಂಟು ಚೀಲದ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು. ಅವರೆದುರು ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಹೇಳಿದೆ.

"ಮೇಸ್ತ್ರಿ, ಕಿಟಕಿ ಸಾಲಲ್ಲಿ ಸುಮಾರು ಟೈಲು ಟೊಳ್ಳು ಐತೆ. ನಾನು ಕೇಳಿಸ್ಕೊಂಡೆ."

ಅವರಿಗೆ ಕೋಪ ಬರುತ್ತದೆ ಅಂದುಕೊಂಡೆ. ಡಬ್ಬಿ ಮುಚ್ಚಿಟ್ಟು ಎದ್ದರು. ನಾನು ತೋರಿಸಿದ ಟೈಲಿನ ಮೇಲೆ ಎಡ ಅಂಗೈಯನ್ನು ಪೂರ್ತಿ ಊರಿ, ಬಲಗೈಯಲ್ಲಿ ಕರಣೆಯ ಹಿಡಿಯಿಂದ ತಟ್ಟಿದರು. ಪಕ್ಕದ ಗಟ್ಟಿ ಟೈಲಿಗೂ ಹಾಗೆಯೇ ಮಾಡಿದರು. ಮತ್ತೆ ಮೊದಲನೆಯದಕ್ಕೆ. ಅಂಗೈಗೆ ನಡುಕ ತಿಳಿಯುತ್ತದೆ, ಕಿವಿ ಬೇಕಿಲ್ಲ.

"ಹೌದು," ಅಂದರು. ಆಮೇಲೆ ಮೆಲ್ಲಗೆ, "ಇಷ್ಟು ದಿನ ಕೈ ಇಟ್ಟೇ ನೋಡ್ತಾ ಇದ್ದೆಮ್ಮಾ. ಇವತ್ತು ಮೊಮ್ಮಗನ ಯೋಚನೇಲಿ ಬರೀ ತಟ್ಕೊಂಡು ಹೋಗ್ಬಿಟ್ಟೆ. ಯಾರಿಗೆ ಹೇಳಿದೆ ಇದನ್ನ?"

"ಟೊಳ್ಳಿನ ಮಾತು ಚಿಕ್ಕಮೇಸ್ತ್ರಿಗೆ ಹೇಳಿದೀನಿ. ನಿಮ್ಮ ಕಿವಿ ವಿಷಯ ಯಾರಿಗೂ ಹೇಳಿಲ್ಲ."

ಅವರು ತಲೆಯಾಡಿಸಿದರು. "ಸಾಹೇಬ್ರಿಗೆ ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿರು."

ಸಾಹೇಬರು ಬಂದಾಗ ಚಿಕ್ಕಮೇಸ್ತ್ರಿಯೂ ಬಂದ. ಮೇಸ್ತ್ರಿ ವಿಷಯ ಹೇಳುತ್ತಿದ್ದ ಹಾಗೆ ಅವನು ನಡುವೆ ಬಾಯಿ ಹಾಕಿದ.

"ಗಾರೆ ಸರಿ ಇರ್ಲಿಲ್ಲ ಸಾರ್. ಕಲ್ಸೋದು ಈಯಮ್ಮ. ಮರಳು ಜಾಸ್ತಿ ಹಾಕಿರ್ತಾರೆ."

ನಾನು ಕಲಸಿದ ಗಾರೆ ನನಗೆ ಗೊತ್ತಿತ್ತು.

"ಸಾರ್, ಒಂದು ಟೈಲು ಎತ್ತಿ ನೋಡ್ರಿ," ಅಂದೆ. "ಗಾರೆ ಕೆಟ್ಟಿದ್ರೆ ಗಾರೆನೇ ಪುಡಿಯಾಗಿ ಬರತ್ತೆ. ಕೆಳಗಿನ ನೆಲ ತೊಳೀದೇ ಇದ್ರೆ ಗಾರೆ ಟೈಲಿಗೆ ಅಂಟ್ಕೊಂಡು ಎದ್ದು ಬರತ್ತೆ. ಟೈಲಲ್ಲಿ ತಪ್ಪಿದ್ರೆ ಅದರ ಬೆನ್ನೇ ಹೇಳತ್ತೆ."

ಸಾಹೇಬರು ಹುಬ್ಬೇರಿಸಿ ಮೇಸ್ತ್ರಿ ಕಡೆ ನೋಡಿದರು. "ಸರಿಯಾಗೇ ಹೇಳ್ತಾ ಇದಾಳೆ," ಅಂದರು ಮೇಸ್ತ್ರಿ.

ಉಳಿಯನ್ನು ಸಂದಿಗಿಟ್ಟು ಸುತ್ತ ಬಿಡಿಸಿ ಮೇಲಕ್ಕೆತ್ತಿದಾಗ ಟೈಲು ಯಾವ ತಕರಾರೂ ಇಲ್ಲದೆ ಎದ್ದು ಬಂತು. ಕೆಳಗೆ ಗಾರೆ ಹಾಸು ಕಲ್ಲಿನ ಹಾಗೆ ಗಟ್ಟಿಯಾಗಿ ನೆಲ ಕಚ್ಚಿಕೊಂಡು ಕೂತಿತ್ತು. ಸಾಹೇಬರು ಉಳಿಯ ತುದಿಯಿಂದ ಕೆರೆದು ನೋಡಿದರು, ಕೆರೆಯಲಾಗಲಿಲ್ಲ. ಟೈಲನ್ನು ತಿರುಗಿಸಿದರೆ ಬೆನ್ನ ಮೇಲೆ ಸವರಿದ್ದ ಸಿಮೆಂಟು ಹಾಲು ಬೂದಿಯಂತಾಗಿತ್ತು. ಹೆಬ್ಬೆರಳಲ್ಲಿ ಒರೆಸಿದರೆ ವಿಭೂತಿಯ ಹಾಗೆ ಉದುರಿತು.

"ಒಣ ಟೈಲು ಸಿಮೆಂಟು ಹಾಲಿನ ನೀರೆಲ್ಲ ಕುಡಿದ್ಬಿಟ್ಟೈತೆ ಸಾರ್," ಅಂದೆ. "ನೆನೆಸದೆ ಕೊಟ್ಟದ್ದು ನಾನೇ. ಟ್ಯಾಂಕರು ಬಂದಿರಲಿಲ್ಲ. ಬೇಡ ಅಂತ ಒಂದು ಸಲ ಹೇಳಿದೆ, ಆಮೇಲೆ ಹೇಳಲಿಲ್ಲ. ತಪ್ಪಲ್ಲಿ ನನ್ನದೂ ಪಾಲೈತೆ. ಗಾರೆ ಮಾತ್ರ ಸರಿಯಾಗಿತ್ತು."

ಚಿಕ್ಕಮೇಸ್ತ್ರಿ ನೆಲ ನೋಡುತ್ತಿದ್ದ. ಸಾಹೇಬರು ಟೈಲನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಎಂಜಿನಿಯರ್ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಯಾವ್ಯಾವ್ದು ಟೊಳ್ಳು ಅಂತ ಹೇಗೆ ಖಾತ್ರಿ ಮಾಡ್ತೀರಿ? ಅಂದಾಜಿನ ಮೇಲೆ ಒಳ್ಳೇ ಟೈಲು ಒಡೆಯೋದು ನನಗೆ ಇಷ್ಟ ಇಲ್ಲ."

"ನಾನು ಹೇಳ್ತೀನಿ ಸಾರ್."

"ನೋಡೋಣ. ಆ ಕಡೆ ತಿರುಗಿ ನಿಂತ್ಕೊಳಮ್ಮ."

ಗೋಡೆಗೆ ಮುಖ ಮಾಡಿ ನಿಂತೆ. ಅವರು ಜೇಬಿನಿಂದ ಬೇರಿಂಗಿನ ಉಕ್ಕಿನ ಗುಂಡು ತೆಗೆದು ಮೊಣಕಾಲೆತ್ತರದಿಂದ ಒಂದೊಂದೇ ಟೈಲಿನ ಮೇಲೆ ಬೀಳಿಸತೊಡಗಿದರು. ನಾನು ಗಟ್ಟಿ, ಗಟ್ಟಿ, ಟೊಳ್ಳು, ಗಟ್ಟಿ ಅನ್ನುತ್ತ ಹೋದೆ. ಒಂದರ ಮೇಲೆ ಗುಂಡು ಬಿದ್ದಾಗ, "ನಡುವೆ ಗಟ್ಟಿ, ಒಂದು ಮೂಲೆ ಮಾತ್ರ ಟೊಳ್ಳು ಇರ್ಬೇಕು. ಮೂಲೆಗೆ ಹಾಕಿ ನೋಡಿ," ಅಂದೆ. ಅವರು ನಾಲ್ಕು ಮೂಲೆಗೂ ಹಾಕಿದರು. ಮೂರನೇ ಮೂಲೆಯಲ್ಲಿ ಶಬ್ದ ಬದಲಾಯಿತು. ಆಮೇಲೆ ನಾನು ಟೊಳ್ಳು ಅಂದಿದ್ದರಲ್ಲಿ ಎರಡನ್ನು ಅವರೇ ಆರಿಸಿ ಎತ್ತಿಸಿದರು. ಎರಡೂ ಬೂದಿ ಬೆನ್ನಿನವೇ.

"ಇಡೀ ಹಾಲು ನೋಡಿ ಗುರುತು ಹಾಕು," ಅಂದರು. "ಮಿಷನ್ನವರಿಗೆ ಹದಿನೈದು ದಿನ ಬಿಟ್ಟು ಬರೋಕೆ ಹೇಳ್ತೀನಿ."

ಸೀಮೆಸುಣ್ಣ ಹಿಡಿದು ನಾನೂ ಮೇಸ್ತ್ರಿಯೂ ಒಂದೂವರೆ ದಿನ ಮೊಣಕಾಲ ಮೇಲೆ ಇಡೀ ನೆಲ ಸುತ್ತಿದೆವು. ನಾನು ತಟ್ಟಿ ಹೇಳುತ್ತಿದ್ದೆ, ಅವರು ಅಂಗೈ ಊರಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಎರಡು ಕಡೆ ನಮ್ಮಿಬ್ಬರ ಮಾತು ಬೇರೆಯಾಯಿತು, ಎರಡನ್ನೂ ಎತ್ತಿಸಿ ನೋಡಿದೆವು: ಒಂದರಲ್ಲಿ ನಾನು ಸರಿ, ಒಂದರಲ್ಲಿ ಅವರು. ಕೊನೆಗೆ ಎಣಿಸಿದರೆ ಅರವತ್ತೊಂದು. ಮೇಸ್ತ್ರಿ ಹಾಕಿದ ಭಾಗದಲ್ಲೂ ಮೂರು ಸಿಕ್ಕಿದವು. ಮೂಲೆಯಲ್ಲಿ ಸ್ವಲ್ಪವೇ ಖಾಲಿ. "ಮನೆ ಆಗಿದ್ರೆ ಬಿಟ್ಬಿಡ್ತಿದ್ದೆ. ಇಲ್ಲಿ ಗಾಡಿ ಓಡತದೆ. ತೆಗಿ," ಅಂತ ಅವುಗಳ ಮೇಲೆ ಅವರೇ ಅಡ್ಡ ಗೀಟು ಎಳೆದರು. ಅದನ್ನು ನೋಡಿ ಚಿಕ್ಕಮೇಸ್ತ್ರಿ ಉಳಿ ಸುತ್ತಿಗೆ ಕೈಗೆತ್ತಿಕೊಂಡ. ಯಾರೂ ಕರೆದಿರಲಿಲ್ಲ.

ಪಕ್ಕದ ಟೈಲಿಗೆ ಏಟಾಗದಂತೆ ಹಾಳಾದದ್ದನ್ನು ತೆಗೆಯುವುದು ನಾಜೂಕಿನ ಕೆಲಸ. ಮೊದಲು ಸುತ್ತಲ ಸಂದಿಯನ್ನು ಬಿಡಿಸಿಕೊಳ್ಳಬೇಕು. ಎದ್ದು ಬರದಿದ್ದರೆ ನಟ್ಟನಡುವೆ ಉಳಿಯಿಟ್ಟು ಒಡೆದು, ನಡುವಿನಿಂದ ಅಂಚಿನ ಕಡೆಗೆ ಚೂರು ಚೂರಾಗಿ ತೆಗೆಯಬೇಕು. ಅಂಚಿನಿಂದ ಮೀಟಿದರೆ ಪಕ್ಕದ್ದೂ ಹೋಯಿತು. ಅದರಲ್ಲಿ ಚಿಕ್ಕಮೇಸ್ತ್ರಿಯ ಕೈ ಎತ್ತಿದ ಕೈ. ಅರವತ್ತೊಂದು ತೆಗೆಯುವಾಗ ಒಂದೇ ಒಂದು ಪಕ್ಕದ ಟೈಲಿನ ಅಂಚು ಮುಕ್ಕಾಯಿತು.

ಕೆಳಗಿನ ಹಳೇ ಗಾರೆಯನ್ನು ಕೆತ್ತಿ, ಧೂಳು ಗುಡಿಸಿ, ನೀರು ಕುಡಿಸಿ, ಸಿಮೆಂಟು ಹಾಲು ಬಳಿದು ಮೊದಲ ಗುಂಡಿಯನ್ನು ತಯಾರು ಮಾಡಿದೆ. ಹೊಸ ಗಾರೆ ಹಾಕಿ, ನೆನೆದ ಟೈಲು ತಂದು ಮೇಸ್ತ್ರಿಯ ಪಕ್ಕ ಇಟ್ಟೆ. ಅವರು ತೆಗೆದುಕೊಳ್ಳಲಿಲ್ಲ. ಕರಣೆಯನ್ನು ನನ್ನ ಕಡೆಗೆ ನೀಡಿದರು.

"ನೀನೇ ಕೂರ್ಸು."

ಚಿಕ್ಕಮೇಸ್ತ್ರಿ ತಲೆಯೆತ್ತಿ ನೋಡಿದ. ನಾನು ಕರಣೆ ತೆಗೆದುಕೊಂಡೆ. ಬೇಡ ಅನ್ನುವ ನಾಟಕ ಮಾಡಲಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಪ್ರತಿ ಟೈಲನ್ನೂ ಕಣ್ಣಲ್ಲಿ ಕೂರಿಸಿಯೇ ಇದ್ದೆ.

ದಾರ ಕಟ್ಟಲು ಜಾಗವಿಲ್ಲದ ಕೆಲಸ ಅದು. ನಾಲ್ಕು ಕಡೆಯೂ ಕೂತಿರುವ ಟೈಲುಗಳೇ ಮಟ್ಟ. ಬೆನ್ನಿಗೆ ಹಾಲು ಸವರಿ, ನಾಲ್ಕು ಕಡೆ ಬ್ಲೇಡು ತುಂಡು ನಿಲ್ಲಿಸಿ, ಟೈಲನ್ನು ಇಳಿಸಿ ಕೊಡತಿಯಿಂದ ತಟ್ಟಿದೆ. ಮಟ್ಟಗೋಲನ್ನು ಅಡ್ಡ ಇಟ್ಟರೆ ಅದು ತೂಗುಯ್ಯಾಲೆಯ ಹಾಗೆ ಒಂದಿಷ್ಟು ಆಡಿತು. ಟೈಲು ಕೂದಲೆಳೆ ಎತ್ತರವಿತ್ತು. ಪಾಲಿಶ್‌ನಲ್ಲಿ ಸವೆದು ಹೋಗುತ್ತದೆ ಅಂತ ಬಿಡಬಹುದಿತ್ತು. ಎತ್ತಿದೆ. ಗಾರೆಯನ್ನು ಒಂದಿಷ್ಟು ಕೆರೆದು ತೆಗೆದು ಮತ್ತೆ ಹಾಲು ಹಾಕಿ ಇಳಿಸಿದೆ. ಈ ಸಲ ಮಟ್ಟಗೋಲು ಉದ್ದಕ್ಕೂ ಅಡ್ಡಕ್ಕೂ ಅಲುಗಾಡದೆ ಮಲಗಿತು. ಮೇಸ್ತ್ರಿ ಬೆರಳ ತುದಿಯನ್ನು ಸಂದಿಯ ಮೇಲೆ ಆಚೆಯಿಂದೀಚೆಗೆ ಸವರಿದರು.

"ಇನ್ನೊಂದು," ಅಂದರು. ಎರಡನೆಯದು, ಮೂರನೆಯದು. ಆ ದಿನ ನಾನು ಹನ್ನೊಂದು ಟೈಲು ಕೂರಿಸಿದೆ. ನನಗೆ ಗಾರೆ ಕಲಸಿ ತಂದು ಕೊಟ್ಟವನು ಚಿಕ್ಕಮೇಸ್ತ್ರಿ. ಮೊದಲ ಬಾಂಡ್ಲಿಯನ್ನು ಸ್ವಲ್ಪ ಜೋರಾಗಿಯೇ ಇಳಿಸಿದ. ನಾನು ಮುಷ್ಟಿಯಲ್ಲಿ ಹಿಡಿದು ನೋಡಿ, "ನೀರು ಜಾಸ್ತಿ ಆಯ್ತು ಕಣಪ್ಪ," ಅಂದೆ. ವಾಪಸ್ ತೆಗೆದುಕೊಂಡು ಹೋಗಿ ಮರಳು ಸಿಮೆಂಟು ಸೇರಿಸಿ ತಂದ. ಸಂಜೆ ಕೈಕಾಲು ತೊಳೆಯುವಾಗ, ನನ್ನ ಕಡೆ ನೋಡದೆಯೇ, "ಗಾರೆ ಮಾತು ನಾನು ಆಡಬಾರ್ದಿತ್ತು ಅಕ್ಕ," ಅಂದ. "ಆಯ್ತು ಬಿಡು," ಅಂದೆ. ಮಾತು ಅಲ್ಲಿಗೆ ಮುಗಿಯಿತು ಅಂತ ಹೇಳಲಾರೆ. ಅವನು ನನ್ನ ಜೊತೆ ಮೊದಲಿನಷ್ಟು ಸಲಿಗೆಯಿಂದ ಮತ್ತೆಂದೂ ಇರಲಿಲ್ಲ. ಆದರೆ ಟೈಲ್ಸು ನೆನೆಯದೆ ಅವನು ಕೈಗೆ ತೆಗೆದುಕೊಂಡದ್ದನ್ನೂ ನಾನು ಮತ್ತೆ ನೋಡಲಿಲ್ಲ.

ಆರು ದಿನಕ್ಕೆ ಅರವತ್ತೊಂದೂ ಕೂತವು. ಮತ್ತೆ ನೀರು ಕಟ್ಟಿ, ಒಂದು ವಾರ ಕಾದು, ಮತ್ತೆ ತಟ್ಟಿ ನೋಡಿದೆವು. ಸಾಹೇಬರೂ ತಮ್ಮ ಉಕ್ಕಿನ ಗುಂಡು ಹಿಡಿದು ಹಿಂದೆಯೇ ಬಂದರು. ಒಂದೂ ಟೊಳ್ಳಿರಲಿಲ್ಲ.

ಪಾಲಿಶ್ ಮಿಷನ್ ಮೂರು ಸುತ್ತು ಓಡಿತು. ಮೊದಲು ಒರಟು ಕಲ್ಲು, ಸಣ್ಣ ತೂತುಗಳಿಗೆ ಮತ್ತೆ ಸಿಮೆಂಟು ತುಂಬಿದ ಮೇಲೆ ನಡುವಿನ ಕಲ್ಲು, ಕೊನೆಗೆ ನುಣುಪಿನ ಕಲ್ಲು. ಕೆಸರು ತೊಳೆದಾಗ ಒಳಗಿದ್ದ ಬಿಳಿ, ಕಪ್ಪು, ಹಸಿರು ಕಲ್ಲಿನ ಚಿಪ್ಸು ಕಣ್ಣು ಬಿಟ್ಟವು. ಯಾವುದು ಹಳೆಯದು, ಯಾವುದು ಮತ್ತೆ ಕೂರಿಸಿದ್ದು ಅಂತ ನಾನೂ ಹುಡುಕಬೇಕಾಯಿತು.

ತೊಳೆಯುವ ಮೂಲೆಯಲ್ಲಿ ಎಂಟಡಿಗೆ ಒಂದಿಂಚಿನ ಇಳಿಜಾರು ಕೊಟ್ಟಿದ್ದೆವು. ಸಾಹೇಬರು ತಾವೇ ಒಂದು ಬಕೆಟ್ ನೀರು ತಂದು ಅಲ್ಲಿ ಸುರಿದರು. ನೀರು ಅತ್ತಿತ್ತ ಹರಡಿ, ಒಂದು ಕ್ಷಣ ತಡೆದು, ಒಟ್ಟಿಗೆ ಕೂಡಿಕೊಂಡು ಮೋರಿಯ ಜಾಲರಿಗೆ ಹೋಯಿತು. ಎಲ್ಲೂ ಮಡುಗಟ್ಟಲಿಲ್ಲ. ಆಮೇಲೆ ಕಬ್ಬಿಣದ ತುಂಡುಗಳನ್ನು ಹೇರಿದ ತಳ್ಳುಗಾಡಿಯನ್ನು ಹಾಲಿನ ಈ ತುದಿಯಿಂದ ಆ ತುದಿಗೆ ತಳ್ಳಿಸಿದರು. ಕಿಟಕಿ ಸಾಲಿನ ಮೇಲೆ ಅದು ಹೋಗುವಾಗ ನಾವು ಮೂವರೂ ಅದರ ಚಕ್ರಗಳನ್ನೇ ನೋಡುತ್ತಿದ್ದೆವು. ಗಾಡಿ ಸರಾಗವಾಗಿ ಹೋಯಿತು.

"ಮೇಸ್ತ್ರಿ, ಇನ್ಮೇಲೆ ತಟ್ಟಿ ನೋಡೋ ಕೆಲಸ ಇವ್ರದ್ದೇನಾ?" ಅಂತ ಸಾಹೇಬರು ನಗುತ್ತ ಕೇಳಿದರು.

"ಕೂರ್ಸೋ ಕೆಲಸಾನೂ ಸಾರ್," ಅಂದರು ಮೇಸ್ತ್ರಿ.

ಹೇಳಿದ ಹಾಗೆಯೇ ಮಾಡಿದರು. ಮುಂದಿನ ಕೆಲಸ ಜಾಲಹಳ್ಳಿಯ ಒಂದು ಕಾರ್ಖಾನೆ ಕ್ವಾರ್ಟರ್ಸಿನಲ್ಲಿ, ಒಂದು ಮನೆಯ ಅಡುಗೆಮನೆ ನೆಲ. ಮೇಸ್ತ್ರಿ ಮುಂದಿನ ಕೋಣೆ ಹಿಡಿದರು, ಅಡುಗೆಮನೆ ನನಗೆ ಬಿಟ್ಟರು. ಆ ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ನನ್ನನ್ನೂ ಕರಣೆಯನ್ನೂ ನೋಡಿ, "ಗಾರೆಯವರು ಇನ್ನೂ ಬಂದಿಲ್ವಾ?" ಅಂದರು.

"ಬಂದಿದೀನಿ ಮೇಡಂ," ಅಂದೆ. "ಮೋರಿ ಯಾವ ಕಡೆ ಬೇಕು ಹೇಳ್ಬಿಡಿ. ಇಳಿಜಾರು ಆ ಕಡೆಗೇ ಕೊಡ್ತೀನಿ."

ಅವರು ಒಳಗೆ ಬಂದು, ಬಚ್ಚಲ ಗೋಡೆಯ ಕಡೆ ಕೈ ತೋರಿಸಿದರು. ನಾನು ದಾರ ಬಿಚ್ಚಿ ಮೊದಲ ಮೊಳೆ ಹೊಡೆದೆ.